ಹಳೆ ಐಫೋನ್ ಕೊಡುವ ಮುಂಚೆ ವಾಚ್ ಬಿಡಿಸಿಕೊಳ್ಳಿ

ಆನ್‌ಲೈನ್‌ನಲ್ಲಿ ಎಕ್ಸ್‌ಚೇಂಜ್ ಹಾಕಿ ಹೊಸ ಐಫೋನ್ ತರಿಸಿದರೆ, ಡೆಲಿವರಿಗೆ ಬಂದವರು ಬಾಗಿಲಲ್ಲೇ ಹಳೆ ಫೋನ್ ತೆಗೆದುಕೊಂಡು ಹೋಗುತ್ತಾರೆ. ಕೈಯಲ್ಲಿ ಆಪಲ್ ವಾಚ್ ಇರುವವರಿಗೆ ತೊಂದರೆ ಆಗುವುದು ಇಲ್ಲೇ. ಹೊಸ ಫೋನ್ ತೆರೆಯುವ ಹೊತ್ತಿಗೆ ಹಳೆಯದು ಹೋಗಿಯೇ ಬಿಟ್ಟಿರುತ್ತದೆ.

ಒಂದು ವಿಷಯ ಮೊದಲೇ ತಿಳಿದಿರಲಿ. ನಿಮ್ಮ ನಡಿಗೆ, ಹೃದಯ ಬಡಿತ, ವ್ಯಾಯಾಮದ ಹಳೆಯ ಲೆಕ್ಕವೆಲ್ಲ ಉಳಿಯುವುದು ಫೋನಿನ Health ಆ್ಯಪ್‌ನಲ್ಲಿ. ವಾಚ್ ಫೇಸ್‌ಗಳು, ಅವುಗಳ ಬಣ್ಣ, ಸಾಲು ಇವೆಲ್ಲ ವಾಚಿನ ಬ್ಯಾಕಪ್‌ನಲ್ಲಿ ಇರುತ್ತವೆ. ಆ ಬ್ಯಾಕಪ್ ಕೂಡ ಫೋನಿನೊಳಗೇ ಕೂತಿರುತ್ತದೆ. ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿ ಕಾಪಾಡಿಕೊಳ್ಳಬೇಕು.

ಫೋನ್ ಬರುವುದು ಶನಿವಾರ ಸಂಜೆ ಅಂದುಕೊಳ್ಳೋಣ. ಶುಕ್ರವಾರವೇ ಹಳೆ ಫೋನಿನ Settings ತೆರೆದು, ಮೇಲಿರುವ ನಿಮ್ಮ ಹೆಸರನ್ನು ಒತ್ತಿ, iCloud ಒಳಗೆ Health ಆನ್ ಇದೆಯೇ ನೋಡಿ. ಇಲ್ಲದಿದ್ದರೆ ಆನ್ ಮಾಡಿ, ರಾತ್ರಿ ಚಾರ್ಜಿಗೆ ಹಾಕಿ ವೈಫೈನಲ್ಲಿ ಬಿಡಿ. ಹಲವು ವರ್ಷಗಳ ಲೆಕ್ಕ ಮೇಲಕ್ಕೆ ಹೋಗಲು ಹೊತ್ತು ಹಿಡಿಯುತ್ತದೆ. ಪುಕ್ಕಟೆ ಸಿಗುವ ಐಕ್ಲೌಡ್ ಜಾಗ 5 ಜಿಬಿ ಮಾತ್ರ. ಅದು ತುಂಬಿದ್ದರೆ ದುಡ್ಡು ಕೊಡುವ ಮುಂಚೆ Settings, General, Transfer or Reset iPhone ಒಳಗೆ ಹೋಗಿ Get Started ಒತ್ತಿ. ಹೊಸ ಫೋನಿಗೆ ಹೋಗುವವರಿಗೆ ಆಪಲ್ ಅಲ್ಲಿ ತಾತ್ಕಾಲಿಕವಾಗಿ ಹೆಚ್ಚಿನ ಜಾಗ ಕೊಡುತ್ತದೆ. ಕಂಪ್ಯೂಟರಿಗೆ ಬ್ಯಾಕಪ್ ತೆಗೆಯುವವರು ಎನ್‌ಕ್ರಿಪ್ಟ್ ಮಾಡುವ ಆಯ್ಕೆಗೆ ಟಿಕ್ ಹಾಕಿ ಪಾಸ್‌ವರ್ಡ್ ಇಡಲೇಬೇಕು. ಪಾಸ್‌ವರ್ಡ್ ಇಲ್ಲದ ಬ್ಯಾಕಪ್‌ಗೆ ಆರೋಗ್ಯದ ಲೆಕ್ಕ ಸೇರುವುದೇ ಇಲ್ಲ.

ಶನಿವಾರ ಬೆಳಗಿನ ವಾಕಿಂಗ್ ಮುಗಿಸಿಯೇ ಹಳೆ ಫೋನಿನ ಜೋಡಣೆಯಿಂದ ವಾಚ್ ಬಿಡಿಸಿ. ಬಿಡಿಸಿದ ಮೇಲೆ, ಮತ್ತೆ ಜೋಡಿಸುವವರೆಗೆ ವಾಚ್ ಏನನ್ನೂ ಎಣಿಸುವುದಿಲ್ಲ. ದಿನದ ರಿಂಗ್ ತಪ್ಪಬಾರದು ಅನ್ನುವವರಿಗೆ ಇದು ಸಣ್ಣ ವಿಷಯವೇನಲ್ಲ ಬಿಡಿ. ಫೋನ್, ವಾಚ್ ಎರಡನ್ನೂ ಹತ್ತಿರ ಇಟ್ಟುಕೊಳ್ಳಿ. ಹಳೆ ಫೋನಿನ Watch ಆ್ಯಪ್‌ನಲ್ಲಿ All Watches ಒತ್ತಿ, ವಾಚಿನ ಪಕ್ಕದ ‘i’ ಗುರುತನ್ನು ಮುಟ್ಟಿ, Unpair Apple Watch ಒತ್ತಿ. ಆಪಲ್ ಖಾತೆಯ ಪಾಸ್‌ವರ್ಡ್ ಕೇಳುತ್ತದೆ, ನೆನಪಿರಲಿ. ವಾಚಿನಲ್ಲಿ ಜಿಯೋ ಅಥವಾ ಏರ್‌ಟೆಲ್ ಇಸಿಮ್ ಇದ್ದರೆ, ಪ್ಲಾನ್ ಉಳಿಸಿಕೊಳ್ಳುವ ಆಯ್ಕೆಯನ್ನೇ ಆರಿಸಿ.

ಇಲ್ಲಿ ವಾಚ್ ಅಳಿಸಿ ಹೋಗುವುದನ್ನು ನೋಡಿ ಗಾಬರಿ ಆಗುವುದು ಸಹಜ. ಆದರೆ ಅಳಿಸುವ ಮುಂಚೆ ಫೋನು ತಾನಾಗಿಯೇ ವಾಚಿನ ಹೊಸ ಬ್ಯಾಕಪ್ ತೆಗೆದಿಟ್ಟುಕೊಳ್ಳುತ್ತದೆ. ವಾಚಿನದೇ ಸೆಟ್ಟಿಂಗ್ಸ್‌ಗೆ ಹೋಗಿ ಎಲ್ಲ ಅಳಿಸಿದರೆ ಮಾತ್ರ ಹೀಗೆ ಬ್ಯಾಕಪ್ ಆಗುವುದಿಲ್ಲ. ಆ ದಾರಿ ಹಿಡಿಯಬೇಡಿ.

ಈಗ, ವಾಚ್ ಬಿಡಿಸಿದ ನಂತರ, ಫೋನಿನ ಬ್ಯಾಕಪ್ ತೆಗೆಯಿರಿ. iCloud Backup ಒಳಗೆ Back Up Now ಇದೆ. ಈ ಕ್ರಮ ತಪ್ಪಿಸಬೇಡಿ. ಮೊದಲೇ ಫೋನಿನ ಬ್ಯಾಕಪ್ ತೆಗೆದು ಆಮೇಲೆ ವಾಚ್ ಬಿಡಿಸಿದರೆ, ಈಗಷ್ಟೇ ಆದ ವಾಚಿನ ಬ್ಯಾಕಪ್ ಅದರಲ್ಲಿ ಇರುವುದಿಲ್ಲ. ಬ್ಯಾಕಪ್ ಮುಗಿದ ಸಮಯ ಅದೇ ಪರದೆಯಲ್ಲಿ ಕಾಣುತ್ತದೆ. ಅದು ನೀವು ವಾಚ್ ಬಿಡಿಸಿದ ಸಮಯಕ್ಕಿಂತ ಈಚಿನದಾಗಿದ್ದರೆ ಮಾತ್ರ ಹಳೆ ಫೋನ್ ಅಳಿಸಿ.

ಹೊಸ ಫೋನಿನಲ್ಲಿ ಅದೇ ಆಪಲ್ ಖಾತೆ ಹಾಕಿ, ಐಕ್ಲೌಡ್ ಬ್ಯಾಕಪ್‌ನಿಂದಲೇ ಶುರು ಮಾಡಿ. ಐಒಎಸ್ ಅಪ್‌ಡೇಟ್ ಬಾಕಿ ಇದ್ದರೆ ಅದನ್ನು ಮೊದಲು ಮುಗಿಸಿ. ಆಮೇಲೆ ವಾಚನ್ನು ಹತ್ತಿರ ತಂದು ಜೋಡಿಸುವಾಗ Restore from Backup ಆರಿಸಿ, ಶನಿವಾರದ ತಾರೀಖಿನ ಬ್ಯಾಕಪ್ ಒತ್ತಿ. ಅವಸರದಲ್ಲಿ ಹೊಸ ವಾಚ್ ಎಂದು ಜೋಡಿಸಿದರೆ ಫೇಸ್‌ಗಳನ್ನೆಲ್ಲ ಮತ್ತೆ ಕೂತು ಮಾಡಬೇಕಾಗುತ್ತದೆ.

ಹಳೆಯ ಲೆಕ್ಕ ತಕ್ಷಣ ಕಾಣದಿದ್ದರೆ ಹೆದರಬೇಡಿ, ಅದು ನಿಧಾನವಾಗಿ ಇಳಿಯುತ್ತದೆ. ಮಾರನೇ ದಿನ Health ಆ್ಯಪ್‌ನ ಹೆಜ್ಜೆಗಳ ಪುಟದಲ್ಲಿ ವರ್ಷದ ನೋಟ ತೆರೆದು, ಹಿಂದಿನ ವರ್ಷಗಳಿಗೆ ಸರಿಸಿ ನೋಡಿ. ಬೇರೆ ಕಂಪನಿಯ ಆ್ಯಪ್ ತೋರಿಸುತ್ತಿದ್ದ ಜಾಗ ಫೇಸ್ ಮೇಲೆ ಖಾಲಿ ಇದ್ದರೆ, ಫೋನಿನಲ್ಲಿ ಆ ಆ್ಯಪ್ ಒಮ್ಮೆ ತೆರೆಯಿರಿ. ವಾಚಿನ ಪಾಸ್‌ಕೋಡ್ ಮತ್ತು ಬ್ಲೂಟೂತ್ ಜೋಡಣೆಗಳು ಬ್ಯಾಕಪ್‌ನಲ್ಲಿ ಬರುವುದಿಲ್ಲ. ಅವನ್ನು ಹೊಸದಾಗಿ ಹಾಕಿಕೊಳ್ಳಬೇಕು.

ಎರಡೂ ಫೋನ್ ಮನೆಯಲ್ಲೇ ಇದ್ದರೆ ಇಷ್ಟೆಲ್ಲ ಬೇಕಿಲ್ಲ. ಹೊಸದರ ಪಕ್ಕ ಹಳೆಯದನ್ನಿಟ್ಟು ಸೆಟಪ್ ಮಾಡುವಾಗ, ಈ ವಾಚನ್ನೂ ಇದಕ್ಕೇ ಜೋಡಿಸಬೇಕೇ ಎಂದು ಫೋನೇ ಕೇಳುತ್ತದೆ. ಎಕ್ಸ್‌ಚೇಂಜ್‌ನಲ್ಲಿ ಸಿಗುವ ಬೆಲೆಗೂ ಆಮೇಲೆ ಮಾರಿದರೆ ಸಿಗುವ ಬೆಲೆಗೂ ಜಾಸ್ತಿ ವ್ಯತ್ಯಾಸ ಇಲ್ಲದಿದ್ದರೆ, ಹಳೆ ಫೋನನ್ನು ಒಂದು ವಾರ ಇಟ್ಟುಕೊಂಡು ಆಮೇಲೆ ಮಾರುವುದೇ ನನಗೆ ಸರಿ ಅನ್ನಿಸುತ್ತದೆ.