ಸ್ವಂತ ಮದುವೆಗೆ ರಜೆ ಅರ್ಜಿ: ದಿನಾಂಕ ಮತ್ತು ಕೆಲಸದ ಹಸ್ತಾಂತರ

ಅರ್ಜಿ ಬರೆಯುವ ಮೊದಲು ಕ್ಯಾಲೆಂಡರ್ ಎದುರಿಗಿಟ್ಟುಕೊಳ್ಳಿ. ಮದುವೆ ಭಾನುವಾರ, 15ನೇ ತಾರೀಕು. ಕಚೇರಿಗೆ ಶನಿವಾರ, ಭಾನುವಾರ ರಜೆ ಎಂದುಕೊಳ್ಳೋಣ. ಗುರುವಾರ 12ರಿಂದ ಶುಕ್ರವಾರ 20ರವರೆಗೆ ರಜೆ ಹಾಕಿದರೆ ಒಟ್ಟು 9 ದಿನ, ಅದರಲ್ಲಿ ಕೆಲಸದ ದಿನ 7. ನಡುವಿನ ಶನಿವಾರ, ಭಾನುವಾರವನ್ನೂ ರಜೆಯ ಲೆಕ್ಕಕ್ಕೆ ಸೇರಿಸುವ ನಿಯಮ ಕೆಲವು ಸಂಸ್ಥೆಗಳಲ್ಲಿದೆ. ಅಂಥ ಕಡೆ ಖಾತೆಯಿಂದ 9 ದಿನವೂ ಕಳೆಯುತ್ತದೆ. ಇದನ್ನು ಮಾನವ ಸಂಪನ್ಮೂಲ ವಿಭಾಗದಲ್ಲಿ ಮೊದಲೇ ಕೇಳಿಕೊಳ್ಳಿ. ಬಾಕಿ ರಜೆ ಸಾಲದೆ ಹೋದರೆ ಕೊರತೆ ಬಿದ್ದ ದಿನಗಳಿಗೆ ಸಂಬಳ ಕಡಿತವಾಗಬಹುದು.

ಹೆಚ್ಚಿನವರು ಎಡವುವುದು ಕೊನೆಯ ದಿನಾಂಕದಲ್ಲಿ. ‘12ರಿಂದ 23ರವರೆಗೆ’ ಎಂದು ಬರೆದು, 23ರ ಸೋಮವಾರ ಕೆಲಸಕ್ಕೆ ಬರುತ್ತಾರೆ. ದಾಖಲೆಯಲ್ಲಿ ಮಾತ್ರ 23 ಕೂಡ ರಜೆಯ ದಿನವೇ. ಆದ್ದರಿಂದ ರಜೆಯ ಕೊನೆಯ ದಿನವನ್ನೂ ಹಾಜರಾಗುವ ದಿನವನ್ನೂ ಬೇರೆ ಬೇರೆಯಾಗಿ ಬರೆಯಿರಿ.

ಸುಮಾರು ಒಂದು ತಿಂಗಳು ಮುಂಚೆ ಮೇಲಧಿಕಾರಿಗೆ ಬಾಯಿಮಾತಿನಲ್ಲಿ ತಿಳಿಸಿ, ಆಮೇಲೆ ಅರ್ಜಿ ಕೊಡಿ. ಒಕ್ಕಣೆ ಇಷ್ಟಿದ್ದರೆ ಸಾಕು:

‘ಮಾನ್ಯರೇ, ಇದೇ 15ರ ಭಾನುವಾರ ನನ್ನ ಮದುವೆ ನಿಶ್ಚಯವಾಗಿದೆ. ಆದ್ದರಿಂದ 12ರ ಗುರುವಾರದಿಂದ 20ರ ಶುಕ್ರವಾರದವರೆಗೆ, ಎರಡೂ ದಿನ ಸೇರಿ, ರಜೆ ಮಂಜೂರು ಮಾಡಬೇಕಾಗಿ ಕೋರುತ್ತೇನೆ. 23ರ ಸೋಮವಾರ ಕೆಲಸಕ್ಕೆ ಹಾಜರಾಗುತ್ತೇನೆ. ಈ ಅವಧಿಯಲ್ಲಿ ನನ್ನ ಕೆಲಸ ನೋಡಿಕೊಳ್ಳಲು ಸಹೋದ್ಯೋಗಿ (ಹೆಸರು) ಒಪ್ಪಿದ್ದಾರೆ. ಹಸ್ತಾಂತರದ ಪಟ್ಟಿ ಲಗತ್ತಿಸಿದ್ದೇನೆ.’

ತಿಂಗಳು ಮೊದಲೇ ಕೊಡುವ ಅರ್ಜಿಯಾದರೆ ‘ಇದೇ’ ಎನ್ನುವ ಬದಲು ತಿಂಗಳು, ವರ್ಷ ನಮೂದಿಸಿ. ಸಹೋದ್ಯೋಗಿಯ ಹೆಸರು ಹಾಕುವುದು ಅವರು ಒಪ್ಪಿದ ಮೇಲೆಯೇ. ಅದೇ ವಾರ ಅವರೂ ರಜೆಯಲ್ಲಿದ್ದರೆ ಇಡೀ ಏರ್ಪಾಡು ಕುಸಿಯುತ್ತದೆ.

ಪಟ್ಟಿಯಲ್ಲಿ ‘ಬಿಲ್ ಕೆಲಸ’ ಎಂದಷ್ಟೇ ಬರೆದರೆ ಯಾರಿಗೂ ಪ್ರಯೋಜನವಿಲ್ಲ. ‘ಸರಬರಾಜುದಾರರ ಬಿಲ್: 17ರ ಮಂಗಳವಾರದೊಳಗೆ ಪಾವತಿಯಾಗಬೇಕು; ಪರಿಶೀಲನೆ ಮುಗಿದಿದೆ, ಮಂಜೂರಾತಿ ಬಾಕಿ; ಕಡತ ವಿಭಾಗದ ಹಂಚಿಕೆ ಫೋಲ್ಡರಿನಲ್ಲಿದೆ; ಅನುಮಾನ ಬಂದರೆ ಲೆಕ್ಕಪತ್ರ ವಿಭಾಗದ ಮುಖ್ಯಸ್ಥರನ್ನು ಕೇಳಿ’ ಎಂದು ಬರೆಯಿರಿ. ಹೀಗೆ ಬರೆದರೆ ನಿಮಗೆ ಫೋನ್ ಮಾಡುವ ಅಗತ್ಯ ಬೀಳುವುದು ಕಡಿಮೆ.

ಹಸ್ತಾಂತರವನ್ನು ಕೊನೆಯ ದಿನವಾದ ಬುಧವಾರ 11ಕ್ಕೆ ಉಳಿಸಿಕೊಳ್ಳಬೇಡಿ. ಸೋಮವಾರ 9ರಂದು ವಿವರಿಸಿ, ಮಂಗಳವಾರ ಸಹೋದ್ಯೋಗಿಯೇ ಒಂದು ಬಿಲ್ ಅನ್ನು ಮೊದಲಿನಿಂದ ಕೊನೆವರೆಗೆ ಮಾಡಲಿ, ನೀವು ಪಕ್ಕದಲ್ಲಿ ಕುಳಿತು ನೋಡಿ. ಅವರ ಲಾಗಿನ್‌ಗೆ ಮಂಜೂರಾತಿಯ ಅಧಿಕಾರವಿಲ್ಲ ಎನ್ನುವಂಥ ತೊಡಕು ಆಗಲೇ ಗೊತ್ತಾಗುತ್ತದೆ, ಸರಿಪಡಿಸಲು ಬುಧವಾರ ಕೈಯಲ್ಲಿರುತ್ತದೆ. ಅವಸರಕ್ಕೆ ನಿಮ್ಮ ಪಾಸ್‌ವರ್ಡ್ ಮಾತ್ರ ಕೊಡಬೇಡಿ. ಆಗ ಅವರು ಮಾಡಿದ ಪಾವತಿಯೂ ನಿಮ್ಮ ಹೆಸರಿನಲ್ಲೇ ದಾಖಲಾಗುತ್ತದೆ. ತಾತ್ಕಾಲಿಕ ಅಧಿಕಾರವನ್ನು 12ರಿಂದ 22ರವರೆಗೆ ಕೊಡಿಸಿ. ಶನಿವಾರ, ಭಾನುವಾರ ತುರ್ತು ಕೆಲಸ ಬಂದರೂ ನಡೆಯುತ್ತದೆ.

ಮಂಜೂರಾದದ್ದು ಬರಹದಲ್ಲಿ ಕೈಸೇರಿದ ಮೇಲಷ್ಟೇ ಪ್ರಯಾಣದ ಟಿಕೆಟ್ ಕಾಯ್ದಿರಿಸಿ.