ಸಮುದ್ರ ಮಥನವನ್ನು 4 ನಿಮಿಷಕ್ಕೆ ಇಳಿಸಿದ್ದು ಹೀಗೆ

ನನ್ನ ಅನಿಮೇಷನ್ ಕಿರುಚಿತ್ರದ ಅನಿಮ್ಯಾಟಿಕ್, ಅಂದರೆ ಸ್ಕೆಚ್‌ಗಳನ್ನು ಸಮಯಕ್ಕೆ ಜೋಡಿಸಿದ ಕರಡು ವಿಡಿಯೊ, 9 ನಿಮಿಷ ದಾಟುತ್ತಿತ್ತು. ಪ್ರತಿ ಶಾಟ್ ಚಿಕ್ಕದು ಮಾಡಿದರೆ ಯಾವುದೂ ಕಣ್ಣಿಗೆ ನಿಲ್ಲಲಿಲ್ಲ. ನಿರೂಪಣೆ ಸೇರಿಸಿದರೆ ಚಿತ್ರಗಳು ಸುಮ್ನೆ ಮಾತಿನ ಹಿಂದೆ ಓಡಿದವು.

ಕೊನೆಗೆ ಕೆಲಸ ಮಾಡಿದ್ದು ಹಿಂದಿನಿಂದ ಮುಂದಕ್ಕೆ ಕಟ್ಟುವುದು. ಮೊದಲು ಹಾಲಾಹಲಕ್ಕೆ 90 ಸೆಕೆಂಡ್ ಮೀಸಲಿಟ್ಟೆ. ನಂತರ ರಾಹುವಿನ ತಲೆ ಉರುಳುವ ಅಂತ್ಯಕ್ಕೆ 50. ಉಳಿದ 100 ಸೆಕೆಂಡ್‌ನಲ್ಲಿ ಮಿಕ್ಕಿದ್ದೆಲ್ಲ. ದೂರ್ವಾಸರ ಶಾಪಕ್ಕೆ ಒಂದೇ ಶಾಟ್: ಐರಾವತದ ಕಾಲಡಿ ನಲುಗುವ ಹೂಮಾಲೆ, 8 ಸೆಕೆಂಡ್. ಕಥೆ ಗೊತ್ತಿರುವವರಿಗೆ ಅಷ್ಟು ಸಾಕು, ಅಲ್ವಾ? ರತ್ನಗಳಿಗೆ ಬೇರೆ ಬೇರೆ ದೃಶ್ಯ ಬೇಡ. ವಾಸುಕಿಯ ಮೈಯುದ್ದಕ್ಕೂ ಬಾಲದಿಂದ ಹೆಡೆಗೆ ಒಂದೇ ಪ್ಯಾನ್, 20 ಸೆಕೆಂಡ್. ಹಿನ್ನೆಲೆಯಲ್ಲಿ ಲಕ್ಷ್ಮಿ, ಕಾಮಧೇನು, ಉಚ್ಚೈಃಶ್ರವಸ್ಸು ಏಳುತ್ತಾರೆ. ಪ್ಯಾನ್ ಹೆಡೆಗೆ ತಲುಪುವಾಗ ಅಲ್ಲೇ ವಿಷದ ಹೊಗೆ. ಹಾಗಾಗಿ ಹಾಲಾಹಲಕ್ಕೆ ಕಟ್ ಬೇಕಾಗಲಿಲ್ಲ.