ಪರದೆ ಬಗ್ಗಿಸಿ ಚಿತ್ರ ನೆಟ್ಟಗೆ ಮಾಡಿದ್ದು

ಬಾಗಲಕೋಟೆಯಲ್ಲಿ ನನ್ನದು ಸೌಂಡ್ ಮತ್ತು ಪ್ರೊಜೆಕ್ಟರ್ ಬಾಡಿಗೆ ಅಂಗಡಿ. ಮದುವೆ, ಶಾಲೆ, ಸೊಸೈಟಿ ಮೀಟಿಂಗ್, ಕ್ರಿಕೆಟ್ ಫೈನಲ್, ಏನೇ ಇದ್ದರೂ ಹೋಗುತ್ತೇನೆ. ಪ್ರೊಜೆಕ್ಟರ್ ಹಳೆಯದು. ಡಿಎಲ್‌ಪಿ, 1024 ಅಡ್ಡ 768 ಉದ್ದ, ಡಬ್ಬದ ಮೇಲೆ 3000 ಲ್ಯೂಮೆನ್ ಅಂತ ಬರೆದಿತ್ತು. ಈಗ ಅದರಲ್ಲಿ ಅರ್ಧ ಬೆಳಕೂ ಬರುವುದಿಲ್ಲ, ಅದು ನನಗೂ ಗೊತ್ತು, ನಿಮಗೂ ಗೊತ್ತು.

ನನ್ನ ತಲೆ ತಿಂದಿದ್ದು ಮುಧೋಳ ಕಡೆಯ ಒಂದು ಹಾಲ್. ಕಬ್ಬು ಬೆಳೆಗಾರರಿಗೆ ಹನಿ ನೀರಾವರಿ ತರಬೇತಿ, ತಿಂಗಳಿಗೆ ಎರಡು ಸಲ, ಬೆಳಿಗ್ಗೆ ಹನ್ನೊಂದಕ್ಕೆ ಶುರು. ಮೇಲೆ ತಗಡು, ನಡುನಡುವೆ ಬೆಳಕಿಗೆ ಅಂತ ಫೈಬರ್ ಶೀಟು. ಜನ ನೆಲದ ಮೇಲೆ ಕೂರುತ್ತಾರೆ. ಹಿಂದಿನವರಿಗೂ ಕಾಣಬೇಕು, ಹಾಗಾಗಿ ಪರದೆಯ ಕೆಳಗಿನ ಅಂಚು ನೆಲದಿಂದ ಐದು ಅಡಿ ಮೇಲಿರಬೇಕು. ಪ್ರೊಜೆಕ್ಟರನ್ನೂ ಐದು ಅಡಿ ಎತ್ತರ ಇಟ್ಟರೆ ತಂಟೆಯೇ ಇಲ್ಲ, ನಮ್ಮ ಪೆಟ್ಟಿಗೆಗಳು ಬೆಳಕನ್ನು ಮೇಲಕ್ಕೇ ಚೆಲ್ಲುತ್ತವಲ್ಲ. ಆದರೆ ಜನರ ನಡುವೆ ಐದು ಅಡಿ ಮೇಜು ಇಟ್ಟರೆ ಹಿಂದಿನವರು ಬೈಯುತ್ತಾರೆ, ಯಾರಾದರೂ ಎದ್ದು ಹೋದರೆ ಚಿತ್ರ ಅಲ್ಲಾಡುತ್ತದೆ. ಹಾಗಾಗಿ ಎರಡು ಅಡಿಯ ಸ್ಟೂಲ್ ಮೇಲೆ ಇಟ್ಟು, ಮುಂದಿನ ಕಾಲು ಎತ್ತಿ, ಆಗ ಸೊಟ್ಟಗಾಗುವ ಚಿತ್ರವನ್ನು ತಿದ್ದುವ ಕೀಸ್ಟೋನ್ ಬಟನ್ ಒತ್ತಿ ಚೌಕ ಮಾಡುತ್ತಿದ್ದೆ. ಎಲ್ಲರೂ ಅದನ್ನೇ ಮಾಡೋದು ಅಲ್ವಾ?

ಹೊಲದ ಫೋಟೊ ಬಂದಾಗ ಪರವಾಗಿಲ್ಲ. ಲೀಟರ್ ಲೆಕ್ಕದ ಟೇಬಲ್ ಬಂದರೆ ಮುಗೀತು. ಅಕ್ಷರ ಮಸುಕು, ಬಣ್ಣ ತೊಳೆದ ಹಾಗೆ. ಮುಂದೆ ಕೂತ ಒಬ್ಬ ಹಿರಿಯರು, "ತಮ್ಮಾ, ಇದು ಮೂರೋ ಎಂಟೋ?" ಎಂದು ಕೇಳಿಬಿಟ್ಟರು. ಆ ತಿಂಗಳು ಎರಡು ಸಾವಿರದ ಬಾಡಿಗೆ ಸಾವಿರದ ಇನ್ನೂರಕ್ಕೆ ಇಳಿಯಿತು.

ನಾನೂ ಎಲ್ಲರ ಹಾಗೆ ಮೊದಲು ಲ್ಯಾಂಪ್ ಮೇಲೆ ಅನುಮಾನಪಟ್ಟೆ. ಡೂಪ್ಲಿಕೇಟ್ ಲ್ಯಾಂಪ್, ಎಂಟೂವರೆ ಸಾವಿರದ ಹತ್ತಿರ ಆಯ್ತು. ಅಂಗಡಿಯ ಗೋಡೆ ಮೇಲೆ ಭರ್ಜರಿ ಕಂಡಿತು, ಆ ಹಾಲ್‌ನಲ್ಲಿ ಹಾಕಿದರೆ ಮತ್ತೆ ಅದೇ ಹಾಡು. ಆಮೇಲೆ ಯಾರೋ ಹೇಳಿದರು ಅಂತ ಪ್ಲೈವುಡ್‌ಗೆ ಸಿಲ್ವರ್ ಪೇಂಟ್ ಹೊಡೆದು ಪರದೆ ಮಾಡಿದೆ. ಒಂಬತ್ತುನೂರು ರೂಪಾಯಿ. ನಡುವೆ ಕೂತವರಿಗೆ ಕಣ್ಣು ಕುಕ್ಕುವ ಬಿಳಿ ಚುಕ್ಕೆ, ಪಕ್ಕದವರಿಗೆ ಕತ್ತಲೆ. ಆ ಪ್ಲೈವುಡ್ ಈಗ ನನ್ನ ಸ್ಪೀಕರ್ ಕೆಳಗೆ ಮಲಗಿದೆ. ಒಂದು ಸಲ ಧೋತರದ ಬಟ್ಟೆ ಕಟ್ಟಿದ್ದೆ. ಬಟ್ಟೆ ಹಿಂದೆ ಹುಡುಗರು ಕೂತು ಅಕ್ಷರಗಳನ್ನು ಉಲ್ಟಾ ಓದುತ್ತಾ ನಗುತ್ತಿದ್ದರು. ಹಿಂದಕ್ಕೆ ಅಷ್ಟು ಬೆಳಕು ದಾಟಿದರೆ ಮುಂದಿನವರಿಗೆ ಏನು ಉಳಿಯಿತು!

ಬುದ್ಧಿ ಬಂದಿದ್ದು ಒಂದು ದಿನ ಊಟದ ಬಿಡುವಿನಲ್ಲಿ. ಪರದೆಯ ಹತ್ತಿರ ಹೋಗಿ, ಒಂದೂವರೆ ಅಡಿ ದೂರ ನಿಂತು ನೋಡಿದೆ. ಎಂಟು ಅಡಿ ಅಗಲದಲ್ಲಿ 1024 ಚುಕ್ಕೆ ಅಂದರೆ ಒಂದೊಂದು ಚುಕ್ಕೆ ಸುಮಾರು ಎರಡೂವರೆ ಮಿಲಿಮೀಟರ್, ಜೋಳದ ಕಾಳಿನ ಅರ್ಧಕ್ಕಿಂತ ಸ್ವಲ್ಪ ದೊಡ್ಡದು. ಚುಕ್ಕೆಗಳ ಜಾಲರಿ ಚೊಕ್ಕವಾಗಿ ಕಾಣುತ್ತಿತ್ತು. ಅಂದರೆ ಫೋಕಸ್ ಸರಿ ಇದೆ. ಆದರೆ ಆ ಜಾಲರಿಯ ಒಳಗೆ ಅಕ್ಷರ ಮಾತ್ರ ಹರಿದಿತ್ತು. ಒಂದು ಗೆರೆ ದಪ್ಪ, ಪಕ್ಕದ್ದು ತೆಳು. ಇಷ್ಟು ವರ್ಷ ಸುಮ್ನೆ ಫೋಕಸ್ ಬಳೆ ತಿರುಗಿಸಿ ತಿರುಗಿಸಿ ಸವೆಸಿದ್ದೆ.

ಅಕ್ಷರ ಹರಿಯಲು ಕಾರಣ ಕೀಸ್ಟೋನ್. ಅದು ಲೆನ್ಸನ್ನು ಮುಟ್ಟುವುದೇ ಇಲ್ಲ, ಒಳಗಿನ ಚಿತ್ರವನ್ನು ಹಿಂಡುತ್ತದೆ. ನನ್ನ ಲೆಕ್ಕದಲ್ಲಿ ಮೇಲಿನ ಸಾಲಿನ 1024 ಚುಕ್ಕೆಯ ವಿಷಯವನ್ನು 940 ಚುಕ್ಕೆಯಲ್ಲಿ ತುರುಕುತ್ತಿತ್ತು. ಫೋಟೊದಲ್ಲಿ ಇದು ಗೊತ್ತಾಗುವುದಿಲ್ಲ. ಸಣ್ಣ ಅಕ್ಷರದಲ್ಲಿ ಮೂರು ಎಂಟಾಗುತ್ತದೆ. ಉಳಿದ ಚುಕ್ಕೆಗಳು ಕಪ್ಪಾಗಿ ಸುಮ್ಮನೆ ಕೂರುತ್ತವೆ. ಕತ್ತಲೆ ಕೋಣೆಯಲ್ಲಿ ಚಿತ್ರದ ಎರಡೂ ಬದಿ ಬೂದು ಬಣ್ಣದ ಪಟ್ಟಿ ಕಾಣುತ್ತದಲ್ಲ, ಅವೇ ಅವು. ಚಿತ್ರ ಚಿಕ್ಕದಾಯಿತು ಅಂತ ನಾವು ಮತ್ತೆ ಜೂಮ್ ಹಿಗ್ಗಿಸುತ್ತೇವೆ, ಅಲ್ಲೂ ಸ್ವಲ್ಪ ಬೆಳಕು ಹೋಗುತ್ತದೆ. ಸ್ವಲ್ಪವೇ, ಜಾಸ್ತಿ ಅಲ್ಲ. ಮಬ್ಬಿಗೆಲ್ಲ ಕೀಸ್ಟೋನೇ ಕಾರಣ ಅನ್ನುವವರನ್ನು ನಾನು ಒಪ್ಪುವುದಿಲ್ಲ.

ಮಬ್ಬಿನ ದೊಡ್ಡ ಕಳ್ಳ ಮೇಲಿನ ಫೈಬರ್ ಶೀಟು. ಮೊಬೈಲ್‌ನ ಲಕ್ಸ್ ಆ್ಯಪನ್ನು ಪರದೆಗೆ ಹಚ್ಚಿ ಅಳೆದೆ. ಪ್ರೊಜೆಕ್ಟರ್ ಆರಿಸಿದಾಗ ಪರದೆ ಮೇಲೆ ಹಾಲ್‌ನ ಬೆಳಕೇ 200ರ ಆಸುಪಾಸು. ಪ್ರೊಜೆಕ್ಟರ್ ತಾನು ಸೇರಿಸುವುದು ಸುಮಾರು 300. ಹಾಗಾದರೆ ಬಿಳಿ ಜಾಗ 500, ಕಪ್ಪು ಜಾಗ 200, ಯಾಕೆಂದರೆ ಕಪ್ಪು ಬಣ್ಣವನ್ನು ಯಾವ ಪ್ರೊಜೆಕ್ಟರೂ ಚೆಲ್ಲುವುದಿಲ್ಲ. ಕಪ್ಪಿಗೂ ಬಿಳಿಗೂ ಎರಡೂವರೆ ಪಟ್ಟು ವ್ಯತ್ಯಾಸ, ಅಷ್ಟೇ. ಇಷ್ಟು ಕಡಿಮೆ ಇದ್ದರೆ ಚೊಕ್ಕ ಫೋಕಸ್ ಇದ್ದರೂ ದೂರದವರ ಕಣ್ಣಿಗೆ ಔಟ್ ಆಫ್ ಫೋಕಸ್ ಅನ್ನಿಸುತ್ತದೆ. ಮೊಬೈಲ್ ಆ್ಯಪ್ ಅಂಗಡಿಯ ಮೀಟರ್ ಅಲ್ಲ, ಒಪ್ಪುತ್ತೇನೆ. ಆದರೆ ಅದೇ ಮೊಬೈಲ್, ಅದೇ ಜಾಗ ಆದರೆ ಮೊದಲಿಗೂ ಆಮೇಲಿಗೂ ಹೋಲಿಸಲು ಸಾಕು.

ಪ್ರೊಜೆಕ್ಟರ್ ಮೇಲ್ಮುಖ ಇದೆ, ಪರದೆ ನೆಟ್ಟಗಿದೆ, ಅದಕ್ಕೇ ತಾನೆ ಚಿತ್ರದ ಮೇಲ್ಭಾಗ ಅಗಲ. ಹಾಗಾದರೆ ಪರದೆಯನ್ನೂ ಅಷ್ಟೇ ಬಗ್ಗಿಸಿದರೆ? ಹಳೆಯ ಓವರ್‌ಹೆಡ್ ಪ್ರೊಜೆಕ್ಟರ್ ಕಾಲದ ಸ್ಟ್ಯಾಂಡ್ ಪರದೆಗಳ ತಲೆಯಲ್ಲಿ ಮುಂದಕ್ಕೆ ಚಾಚುವ ಒಂದು ಕಬ್ಬಿಣದ ಕೈ ಇರುತ್ತಿತ್ತು. ಅದು ಯಾಕೆ ಅಂತ ನನಗೆ ಅವತ್ತು ಹೊಳೆಯಿತು.

ಲೆಕ್ಕ ಸುಲಭ. ಲೆನ್ಸ್ ಎರಡು ಅಡಿಯಲ್ಲಿ, ಚಿತ್ರದ ತಳ ಐದು ಅಡಿಯಲ್ಲಿ, ದೂರ ಹದಿನೈದು ಅಡಿ. ಹದಿನೈದಕ್ಕೆ ಮೂರು ಅಡಿ ಏರಿಕೆ, ಅಂದರೆ ಐದಕ್ಕೆ ಒಂದು. ಪ್ರೊಜೆಕ್ಟರ್‌ನ ಹಿಂದಿನ ಕಾಲಿನಿಂದ ಮುಂದಿನ ಕಾಲಿಗೆ ಹತ್ತು ಇಂಚು, ಮುಂದೆ ಎತ್ತಿದ್ದು ಎರಡು ಇಂಚು, ಅದೂ ಐದಕ್ಕೆ ಒಂದು. ಪರದೆ ಆರು ಅಡಿ ಎತ್ತರ, ಅದರ ಐದನೇ ಒಂದು ಭಾಗ ಹದಿನಾಲ್ಕು ಇಂಚು ಚಿಲ್ಲರೆ. ನನ್ನ ಪರದೆ ಮೇಲಿನ ಪೈಪಿನಿಂದ ತಗಡಿನ ಆ್ಯಂಗಲ್‌ಗೆ ನೇತಾಡುತ್ತದೆ. ಕೆಳಗಿನ ಪೈಪನ್ನು ಹಗ್ಗ ಕಟ್ಟಿ ಗೋಡೆ ಕಡೆಗೆ ಹದಿನಾಲ್ಕು ಇಂಚು ಎಳೆದೆ.

ಶಾಮಿಯಾನ ಕಾಕಾ ನೋಡಿ ನಕ್ಕರು. "ಪರದೆ ವಾರಿ ಆಗೇತಲ್ಲೋ, ನೆಟ್ಟಗ ಕಟ್ಟೋ ಮಾರಾಯ. ಮಂದಿ ತಲಿ ಮ್ಯಾಲೆ ಬಿದ್ದೀತು." ಸೊಸೈಟಿಯವರೂ ಅನುಮಾನದಿಂದ ನೋಡಿದರು. ಪ್ರೊಜೆಕ್ಟರ್ ಹಾಕಿದೆ. ಚಿತ್ರ ಮತ್ತೂ ಸೊಟ್ಟ, ಈಗ ಕೆಳಗೆ ಅಗಲ! ಕಾಕಾ ಹೊಟ್ಟೆ ಹಿಡಿದು ನಕ್ಕರು. ನನಗೆ ಬೆವರು.

ತಪ್ಪು ನನ್ನದೇ. ಆಟೋ ಕೀಸ್ಟೋನ್ ಬಂದ್ ಮಾಡಿರಲಿಲ್ಲ. ಪೆಟ್ಟಿಗೆಗೆ ತಾನು ಎಷ್ಟು ಬಾಗಿದ್ದೇನೆ ಅಂತ ಗೊತ್ತು, ಪರದೆ ಎಷ್ಟು ಬಾಗಿದೆ ಅಂತ ಗೊತ್ತಿಲ್ಲ. ಹಾಗಾಗಿ ಬೇಡದ ತಿದ್ದುಪಡಿ ಮಾಡುತ್ತಿತ್ತು. ಮೆನುವಿನಲ್ಲಿ `Auto Keystone` ಅನ್ನು `Off` ಮಾಡಿ, `Keystone` ಸಂಖ್ಯೆಯನ್ನು `0`ಗೆ ತಂದೆ. ಚಿತ್ರ ಟಕ್ ಅಂತ ಚೌಕ. ಹಗ್ಗವನ್ನು ಅರ್ಧ ಇಂಚು ಸಡಿಲಿಸಿ ಪಟ್ಟಿಯಿಂದ ಮೇಲಿನ ಅಗಲ, ಕೆಳಗಿನ ಅಗಲ ಅಳೆದೆ, ಎರಡೂ ಒಂದೇ. ಲ್ಯಾಪ್‌ಟಾಪನ್ನೂ `1024x768`ಕ್ಕೆ ಇಟ್ಟೆ. ಇಲ್ಲವಾದರೆ ಅದು ಬೇರೆ ಅಳತೆಯ ಚಿತ್ರ ಕಳಿಸಿ, ಪ್ರೊಜೆಕ್ಟರ್ ಮತ್ತೆ ಹಿಂಡಿ, ಮಾಡಿದ ಕೆಲಸವೆಲ್ಲ ವ್ಯರ್ಥ. ಅಕ್ಷರದ ಗೆರೆಗಳು ಈಗ ಒಂದೇ ದಪ್ಪ.

ಫೋಕಸ್‌ಗೂ ಸ್ವಲ್ಪ ಲಾಭ ಆಯಿತು. ಪರದೆ ನೆಟ್ಟಗಿದ್ದಾಗ ಮೇಲಿನ ಅಂಚು ಕೆಳಗಿನದಕ್ಕಿಂತ ಲೆನ್ಸಿಗೆ ಒಂದು ಅಡಿಗಿಂತ ಜಾಸ್ತಿ ದೂರ ಬೀಳುತ್ತಿತ್ತು. ಹದಿನೈದು ಅಡಿಯಿಂದ ಹಾಕುವಾಗ ಅದು ದೊಡ್ಡ ವಿಷಯ ಅಲ್ಲ. ಆರು ಅಡಿಯಿಂದ, ಜಾಸ್ತಿ ಓರೆ ಮಾಡಿ ಹಾಕಿದರೆ ನಡುವೆ ಚೊಕ್ಕ, ಮೇಲೆ ಮಂಜು. ಅದನ್ನು ಕೀಸ್ಟೋನ್ ಸರಿ ಮಾಡಲಾರದು. ಇನ್ನೊಂದು, ಹಾಕಿದ ಕೂಡಲೇ ಫೋಕಸ್ ಮಾಡಿ ಮರೆಯಬೇಡಿ. ಏಪ್ರಿಲ್ ಬಿಸಿಲಲ್ಲಿ ನನ್ನ ಪೆಟ್ಟಿಗೆ ಕಾದಂತೆ ಫೋಕಸ್ ಜಾರುತ್ತದೆ. ಇಪ್ಪತ್ತು ನಿಮಿಷ ಆದ ಮೇಲೆ ಮತ್ತೊಮ್ಮೆ ಬಳೆ ಮುಟ್ಟುತ್ತೇನೆ.

ನಾನು ಎಣಿಸಿರದ ಲಾಭ ಬೇರೆಯೇ ಇತ್ತು. ತಲೆ ಮುಂದಕ್ಕೆ ಬಾಗಿದ ಪರದೆಯ ಮುಖ ನೆಲದ ಕಡೆ ತಿರುಗಿತ್ತು. ಮೇಲಿನ ಫೈಬರ್ ಶೀಟಿನ ಬೆಳಕು ಅದರ ಮೇಲೆ ನೇರ ಬೀಳುವುದು ಕಡಿಮೆಯಾಯಿತು. ಅಳೆದರೆ 200 ಇದ್ದದ್ದು 150ರ ಹತ್ತಿರ. ಆಸೆ ಹುಟ್ಟಿತು. ಮುಂದಿನ ಸಲ ಪರದೆಯ ಮೇಲಿನ ಪೈಪಿನಿಂದ ಮೂರು ಅಡಿ ಮುಂದಕ್ಕೆ ಮತ್ತು ಎರಡೂ ಬದಿಗೆ ಕಪ್ಪು ಬಟ್ಟೆ ಕಟ್ಟಿದೆ, ಬಂಡಿಯ ಕಮಾನಿನ ಹಾಗೆ. ಬಟ್ಟೆಗೆ ಸಾವಿರದ ಇನ್ನೂರು ಆಯ್ತು ಅಂತ ನೆನಪು. ಈಗ 35. ಬಿಳಿ 335, ಕಪ್ಪು 35, ಅಂದರೆ ಒಂಬತ್ತು ಪಟ್ಟಿಗೂ ಮೇಲೆ. ಹಾಲ್‌ನ ಒಂದು ಕಿಟಕಿಯನ್ನೂ ಮುಚ್ಚಲಿಲ್ಲ. ಜನ ಗಾಳಿಯಲ್ಲಿ ಕೂತು ನೋಟ್ ಬರೆದುಕೊಂಡರು. ಎಂಟೂವರೆ ಸಾವಿರದ ಲ್ಯಾಂಪ್ ಮಾಡದ್ದನ್ನು ಈ ಬಟ್ಟೆ ಮಾಡಿತು. ಬಾಡಿಗೆ ಮತ್ತೆ ಎರಡು ಸಾವಿರ, ಈಗ ಎರಡೂವರೆ.

ಎಲ್ಲ ಕಡೆ ಇದು ನಡೆಯುವುದಿಲ್ಲ. ಗೋಡೆಯೇ ಪರದೆ ಆದರೆ ಗೋಡೆ ಬಗ್ಗುವುದಿಲ್ಲ, ಅಲ್ಲಿ ಮೇಜು ಎತ್ತರಿಸಲೇಬೇಕು. ಪ್ರೊಜೆಕ್ಟರ್ ಚಾವಣಿಯಿಂದ ಕೆಳಮುಖವಾಗಿ ಓರೆ ಇದ್ದರೆ ಪರದೆಯ ಕೆಳಗಿನ ಅಂಚನ್ನು ಮುಂದೆ ತರಬೇಕಾಗುತ್ತದೆ. ಆಗ ಮುಖ ಆಕಾಶಕ್ಕೆ ತಿರುಗಿ ಮೇಲಿನ ಬೆಳಕನ್ನೆಲ್ಲ ಹಿಡಿಯುತ್ತದೆ, ಧೂಳನ್ನೂ. ಅಲ್ಲಿ ನಾನು ಚಿತ್ರವನ್ನೇ ಆರು ಅಡಿ ಅಗಲಕ್ಕೆ ಇಳಿಸುತ್ತೇನೆ. 48 ಚದರ ಅಡಿ ಇದ್ದದ್ದು 27 ಆಗುತ್ತದೆ, ಅದೇ ಬೆಳಕು ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು ಗಟ್ಟಿಯಾಗುತ್ತದೆ.

ಫ್ಯಾನ್ ಗಾಳಿಗೆ ಓರೆ ಪರದೆ ಹೊಟ್ಟೆ ಬಿಡುತ್ತದೆ ಅನ್ನುವುದು ಇನ್ನೊಂದು ತೊಂದರೆ. ಹೊಟ್ಟೆ ಬಂದರೆ ನೇರ ಗೆರೆ ಬಿಲ್ಲಾಗುತ್ತದೆ. ಅದಕ್ಕೆ ಕೆಳಗಿನ ಪೈಪಿನೊಳಗೆ ನಾನು ಒಂದು ವಸ್ತು ತುಂಬಿದ್ದೇನೆ. ಏನು ಅಂತ ಹೇಳುವುದಿಲ್ಲ, ಅದರಿಂದಲೇ ನನ್ನ ಹೊಟ್ಟೆ ನಡೆಯುತ್ತದೆ. ಕಾಕಾ ಎರಡು ಸಲ ಪೈಪ್ ಎತ್ತಿ ಅಲ್ಲಾಡಿಸಿ ನೋಡಿದ್ದಾರೆ, ಸಪ್ಪಳ ಬರಲಿಲ್ಲ. ಹೋದ ವಾರ ಅವರೇ ಫೋನ್ ಮಾಡಿದ್ದರು. ಜಮಖಂಡಿಯಲ್ಲಿ ಒಂದು ಮದುವೆ, ಐದು ಅಡಿ ಎತ್ತರದ ಪರದೆ, ಪ್ರೊಜೆಕ್ಟರ್ ಬೇರೆಯವರದು.

"ಐದಕ್ಕ ಒಂದು ಅಂದ್ಯಲ್ಲ, ಹನ್ನೆರಡು ಇಂಚು ಜಗ್ಗಲಾ?"

"ಮೊದ್ಲ ಅವರ ಡಬ್ಬಿ ಎಷ್ಟು ಎತ್ಯಾರ ಅಳೀರಿ ಕಾಕಾ," ಅಂದೆ.